ಗೆಳತಿಯ ಮೊಣಗಂಟಿನ ಪರವಾಗಿ ಒಂದು ನೋಟಿಸು

ಕಲ್ಲುಗುಂಡಿಯಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದಿಳಿದ ಅವಳು ನೇರವಾಗಿ ನನ್ನ ಆಫೀಸಿನ ಮೆಟ್ಟಿಲು ಹತ್ತಿ, ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಇದನ್ನು ನೋಡು ಮಾರಾಯ್ತಿ. ನನ್ನ ಮೊಣಗಂಟು ಹೋಗಿದೆಯಂತೆ!"

ಕಾಲೇಜಿನಲ್ಲಿ ಅವಳು ನಮ್ಮ ಕಬಡ್ಡಿ ತಂಡದ ಕ್ಯಾಪ್ಟನ್. ನಾನು ಮುಂದೆ ವಕೀಲಳಾದೆ. ಅವಳು ಕಬಡ್ಡಿ ಬಿಡಲಿಲ್ಲ. ಸುಳ್ಯದ ಕಡೆಯ ಒಂದು ಹೈಸ್ಕೂಲಿನ ಹುಡುಗಿಯರಿಗೆ ಆಟ ಕಲಿಸುತ್ತಿದ್ದಾಳೆ.

ಮೊಬೈಲಿನಲ್ಲಿದ್ದದ್ದು ಮೊಣಕಾಲು ನೋವಿನ ಎಣ್ಣೆ ಮಾರುವ ಒಂದು ವೆಬ್‌ಸೈಟಿನ ಜಾಹೀರಾತು. ಎಡಗಡೆ ಬೆನ್ನು ಬಾಗಿಸಿ ಕೋಲೂರಿ ನಿಂತ ಅವಳು, ಬಲಗಡೆ ನಗುತ್ತಿರುವ ಅವಳು. ಕೆಳಗೆ ಬೇರೆ ಯಾರದೋ ಹೆಸರು, ಹತ್ತು ವರ್ಷ ನಡೆಯಲಾಗದೆ ಹಾಸಿಗೆ ಹಿಡಿದಿದ್ದೆ ಎಂಬ ಮಾತು. ನಗುವ ಚಿತ್ರ ನಿಜದ್ದು. ಕೋಲು ಹಿಡಿದದ್ದನ್ನು ಅದರಿಂದಲೇ ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದರು.

"ನನಗೆ ನಗು ಬಂತು ಮೊದಲು. ಆಮೇಲೆ ಒಬ್ಬಳು ಹುಡುಗಿಯ ಅಮ್ಮ ಬಂದು, ಟೀಚರ್, ನಿಮ್ಮ ಕಾಲೇ ಹೀಗಾದ್ರೆ ನಮ್ಮ ಮಗಳ ಕಾಲು ಎಂತ ಆಗ್ಲಿಕ್ಕುಂಟು ಅಂತ ಕೇಳಿದ್ರು. ಈಗ ಆ ಹುಡುಗಿ ಆಡ್ಲಿಕ್ಕೆ ಬರುದಿಲ್ಲ."

ಚಿತ್ರವನ್ನು ದೊಡ್ಡದು ಮಾಡಿದೆ. ಅವಳ ಭುಜದ ಮೇಲೆ ಯಾರದೋ ನಾಲ್ಕು ಬೆರಳು. ಉಂಗುರ ನೋಡಿದರೆ, ನನ್ನದೇ! ಹಳೆಯ ತಂಡದವರೆಲ್ಲ ಕಾಲೇಜಿನಲ್ಲಿ ಸೇರಿದ ದಿನ ಒಬ್ಬಳು ಫೋಟೋ ತೆಗೆಸಿ ಫೇಸ್‌ಬುಕ್ಕಿಗೆ ಹಾಕಿದ್ದಳು. ಉಳಿದವರನ್ನೆಲ್ಲ ಕತ್ತರಿಸಿದವರಿಗೆ ನನ್ನ ಬೆರಳು ಕಂಡಿರಲಿಲ್ಲ.

ಆಗಲೇ ಎಣ್ಣೆ ಕಂಪನಿಗೆ ಫೋನ್ ಮಾಡಿ ಬೈಯಲು ಅವಳು ಹೊರಟಳು. ತಡೆದೆ. ಅವರು ಸದ್ದಿಲ್ಲದೆ ಅಳಿಸಿಬಿಟ್ಟರೆ ಸಾಕ್ಷ್ಯವೇ ಇರುವುದಿಲ್ಲ. ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆವು, ಪುಟ ತೆರೆಯುವುದನ್ನು ವಿಡಿಯೋ ಮಾಡಿಟ್ಟೆವು. ಫೋಟೋ ಹಾಕಿದ ಗೆಳತಿಯಿಂದ ಮೂಲ ಚಿತ್ರ ತರಿಸಿಕೊಂಡೆವು.

ಆ ಮೂಲ ಚಿತ್ರ ಬಂದ ಮೇಲೆ ಸ್ವಲ್ಪ ಹೊತ್ತು ಕೆಲಸ ಸಾಗಲಿಲ್ಲ. ರಾಮಕುಂಜಕ್ಕೆ ಪಂದ್ಯಕ್ಕೆ ಹೋದಾಗ ತರಗತಿಯ ಬೆಂಚುಗಳನ್ನು ಜೋಡಿಸಿ ಮಲಗಿದ್ದು, ಬೆಳಿಗ್ಗೆ ಗಂಜಿಯ ಜೊತೆ ಉಪ್ಪಿನಕಾಯಿಗೆ ಜಗಳವಾಡಿದ್ದು, ಗೆದ್ದು ಬರುವಾಗ ಬಸ್ಸಿನಲ್ಲಿ ತುಳುವಿನಲ್ಲಿ ನಾನೂ ತನ್ನ ಮನೆಮಾತು ಅರೆಭಾಷೆಯಲ್ಲಿ ಅವಳೂ ಒಟ್ಟಿಗೆ ಕಿರುಚಿದ್ದು ನೆನಪಾಯಿತು. ಚಿತ್ರದ ಕೊನೆಯಲ್ಲಿ ನಿಂತವಳು ಈಗ ಇಲ್ಲ. ಎದುರಾಳಿಯ ಹಿಮ್ಮಡಿ ಹಿಡಿದರೆ ಬಿಡದವಳು. ಅವಳ ಮುಖವನ್ನು ನಾವಿಬ್ಬರೂ ದೊಡ್ಡದು ಮಾಡಿ ನೋಡಿದೆವು.

ನೋಟಿಸನ್ನು ಇಂಗ್ಲಿಷಿನಲ್ಲಿ ಬರೆದು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ಮುಖವನ್ನು ಮಾರಾಟಕ್ಕೆ ಬಳಸಿದ್ದೀರಿ, ಆಡದ ಮಾತನ್ನು ಅವರ ಬಾಯಿಗೆ ಹಾಕಿದ್ದೀರಿ, ಇದು ಅವರ ಖಾಸಗಿತನಕ್ಕೂ ಹೆಸರಿಗೂ ಧಕ್ಕೆ. ಕೂಡಲೇ ತೆಗೆಯಿರಿ, ಮತ್ತೆ ಬಳಸಬೇಡಿ, ಚಿತ್ರ ಎಲ್ಲಿಂದ ಬಂತು, ಯಾರು ತಯಾರಿಸಿದರು ಎಂಬ ದಾಖಲೆಗಳನ್ನು ಅಳಿಸದೆ ಕಾಪಾಡಿ ತಿಳಿಸಿ, ಅದೇ ಪುಟದಲ್ಲಿ ಕ್ಷಮೆ ಕೇಳಿ. ವಾರದೊಳಗೆ ಆಗದಿದ್ದರೆ ಸಿವಿಲ್ ದಾವೆಯೂ ಪೊಲೀಸ್ ದೂರೂ ಬರುತ್ತವೆ.

"ಗ್ರಾಮೀಣ ಮುಗ್ಧ ಮಹಿಳೆ ಅಂತ ಬರೆದಿದ್ದೀಯಲ್ಲ, ಅದು ಯಾರು?" ಎಂದಳು.

"ಹಾಗೆ ಬರೆಯುವ ರೂಢಿ ಉಂಟು."

"ತೆಗಿ ಅದನ್ನು. ಕಬಡ್ಡಿ ಕೋಚ್ ಅಂತ ಹಾಕು. ಕಾಲು ಗಟ್ಟಿ ಉಂಟು ಅಂತಲೂ ಹಾಕು."

ಹಾಕಿದೆ. ನೋಡಿದರೆ ವಾದಕ್ಕೂ ಅದೇ ಬಲವಾಗಿತ್ತು. ರಿಜಿಸ್ಟರ್ಡ್ ಪೋಸ್ಟಿನಲ್ಲೂ, ವೆಬ್‌ಸೈಟಿನಲ್ಲಿ ದೂರಿಗಾಗಿ ಕೊಟ್ಟ ಇ-ಮೇಲಿಗೂ ಕಳಿಸಿದೆವು.

ಉತ್ತರ ಬಂತು: ಅದು ಕಂಪ್ಯೂಟರ್ ರಚಿಸಿದ ಮುಖ, ನಿಜವಾದ ಯಾವ ವ್ಯಕ್ತಿಯದ್ದೂ ಅಲ್ಲ, ಹೋಲಿಕೆ ಆಕಸ್ಮಿಕ. ಮೂಲ ಫೋಟೋವನ್ನೂ ಜಾಹೀರಾತನ್ನೂ ಅಕ್ಕಪಕ್ಕ ಇಟ್ಟು, ಭುಜದ ಮೇಲಿನ ಬೆರಳಿಗೆ ಗುರುತು ಹಾಕಿ, ಆ ಬೆರಳು ಈ ಪತ್ರ ಬರೆಯುತ್ತಿರುವ ವಕೀಲರದ್ದು ಎಂದು ಮರುಪತ್ರ ಬರೆದೆ. ದಾವೆಯಾದರೆ ನಾನು ಸಾಕ್ಷಿಯಾಗಬೇಕಾಗುತ್ತದೆ, ಆಗ ಬೇರೆ ವಕೀಲರು ಬೇಕು ಎಂದು ಅವಳಿಗೆ ಮೊದಲೇ ಹೇಳಿದ್ದೆ.

ಅದರ ಅಗತ್ಯ ಬರಲಿಲ್ಲ. ಅವರ ವಕೀಲರು ಫೋನ್ ಮಾಡಿದರು. ಜಾಹೀರಾತು ಮಾಡಿಕೊಟ್ಟ ಏಜೆನ್ಸಿಯ ತಪ್ಪು ಎಂದರು. ಜಾಹೀರಾತು ಹೋಯಿತು. ಅದೇ ಜಾಗದಲ್ಲಿ ಕನ್ನಡದಲ್ಲಿ ಕ್ಷಮೆ ಬಂತು. ಬೇರೆ ಕೆಲವು ಪುಟಗಳಲ್ಲಿ ಅದರ ನಕಲು ಆಮೇಲೂ ಕಾಣಿಸಿತು. ಒಂದೊಂದಕ್ಕೂ ಬರೆದು ತೆಗೆಸಿದೆವು. ಎಲ್ಲವೂ ಹೋಗಿದೆ ಎಂದು ಈಗಲೂ ಆಣೆ ಮಾಡಲಾರೆ.

ಅವಳು ಕ್ಷಮೆಯ ಪುಟವನ್ನು ಆ ಹುಡುಗಿಯ ಮನೆಗೆ ಹೋಗಿ ತೋರಿಸಿದಳಂತೆ. ತಾಯಿ ಅದನ್ನು ಓದಲಿಲ್ಲ. ಮರುದಿನ ಮಗಳ ಜೊತೆ ತಾನೂ ಮೈದಾನಕ್ಕೆ ಬಂದು, ಅಭ್ಯಾಸ ಮುಗಿಯುವವರೆಗೆ ಕಟ್ಟೆಯ ಮೇಲೆ ಕೂತಿದ್ದಳಂತೆ.

"ಎಂತ ಹೇಳಿದ್ರು?" ಎಂದು ಕೇಳಿದೆ.

"ಎಂತ ಇಲ್ಲ. ನಾವೂ ಆಡ್ತಿದ್ದೆವು ಟೀಚರ್, ಮದುವೆಗೆ ಮೊದಲು, ಅಂದ್ರು."