ನಿಂತು ಮತ್ತೆ ತಿರುಗುವ ಯಂತ್ರ

ಬನಹಟ್ಟಿಯ ನೇಕಾರರ ಸಂಘವೊಂದರಲ್ಲಿ ರಾಧಾಬಾಯಿ ತಾಂತ್ರಿಕ ಮೇಲ್ವಿಚಾರಕಿ. ೧೯೮೭ರಲ್ಲಿ ಸದಸ್ಯರ ಮನೆಗಳಿಗೆ ಕಂಡಿಕೆ ಸುತ್ತುವ ವಿದ್ಯುತ್ ಯಂತ್ರ ಕೊಳ್ಳಲು ಟೆಂಡರ್ ಕರೆಯುವುದೆಂದಾಯಿತು. ಮಗ್ಗ ಗಂಡಸರದು, ಅದರ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಅಂದರೆ ಕಂಡಿಕೆ, ಸುತ್ತುವುದು ಹೆಂಗಸರದು. ಕೂಲಿ ಮಾತ್ರ ಮಗ್ಗದ ಹೆಸರಿಗೇ ಬರುತ್ತಿತ್ತು. ಷರತ್ತುಗಳ ಕರಡು ರಾಧಾಬಾಯಿಯ ಪಾಲಿಗೆ ಬಂತು.

ಕಾರ್ಯದರ್ಶಿ ಸದಾಶಿವರಾಯರು ಆಗಲೇ ಎರಡು ಸಾಲು ಗೀಚಿದ್ದರು: ಯಂತ್ರ ಉತ್ತಮ ಗುಣಮಟ್ಟದ್ದಿರಬೇಕು, ಕಂಪನಿ ಈ ತಾಲೂಕಿನ ಸಂಘಗಳಿಗೆ ಮಾಲು ಕೊಟ್ಟಿರಬೇಕು.

"ಉತ್ತಮ ಅನ್ನೂದನ್ನ ಅಳತಿ ಮಾಡೂದು ಹೆಂಗ ರಾಯರ? ಈ ತಾಲೂಕ ಅಂತ ಬರದ್ರ ಒಬ್ಬನ ಉಳೀತಾನ."

"ಒಬ್ಬ ಉಳದ್ರ ಕೆಲಸ ಹಗುರಾತಲ್ಲ ಬಾಯಾರ!" ರಾಯರು ನಕ್ಕರು.

ರಾಧಾಬಾಯಿ ಎರಡನ್ನೂ ಹೊಡೆದುಹಾಕಿ ಹೊಸದಾಗಿ ಬರೆದಳು. ಯಾವ ಊರಿಗಾದರೂ ಸರಿ, ಇಂಥದೇ ಯಂತ್ರ ಕೊಟ್ಟು ಅದು ಎರಡು ವರ್ಷ ನಡೆದಿರಬೇಕು; ಬಳಸಿದವರ ಪತ್ರ ಬೇಕು. ಆಮೇಲೆ ಪರೀಕ್ಷೆ: ಎಲ್ಲರ ಯಂತ್ರಕ್ಕೂ ಸಂಘದ ಒಂದೇ ಮೂಟೆಯ ನೂಲು, ಒಬ್ಬಳೇ ಸುತ್ತುವವಳು. ತಾಸಿಗೆ ಇಷ್ಟು ಕಂಡಿಕೆಗೆ ಕಡಿಮೆಯಿಲ್ಲ, ಇಷ್ಟಕ್ಕಿಂತ ಹೆಚ್ಚು ಎಳೆ ಹರಿಯಬಾರದು. ಪಾಸಾದವರ ದರದ ಲಕೋಟೆ ಮಾತ್ರ ಒಡೆಯುವುದು. ಅದರಲ್ಲಿ ಕಡಿಮೆ ದರದವರಿಗೆ ಕೆಲಸ.

ಎಳೆ ಹರಿಯುವುದರ ಮಿತಿ ಎಷ್ಟಿರಬೇಕೆಂದು ನೋಡಲು ಸದಸ್ಯನೊಬ್ಬನ ಹೆಂಡತಿ ಯಲ್ಲವ್ವನ ಮನೆಗೆ ಹೋದಳು. ಯಲ್ಲವ್ವ ರಾಟಿ ತಿರುಗಿಸುತ್ತಿದ್ದಳು. ಹಾಲು ಉಕ್ಕಿತು, ಎದ್ದಳು. ಕೂಸು ಅತ್ತಿತು, ಎದ್ದಳು. ಮಗ್ಗದಿಂದ ಗಂಡ "ಚಾ ತಾ" ಎಂದ, ಮತ್ತೆ ಎದ್ದಳು. ಬಂದು ಕೂತಾಗಲೆಲ್ಲ ಮೊದಲ ಸುತ್ತಿಗೇ ಎಳೆ ಪಟ್ಟನೆ ಹರಿಯುತ್ತಿತ್ತು. ಅವಳ ಬೆರಳು ಕಣ್ಣಿಲ್ಲದೆಯೇ ಅದನ್ನು ಹುಡುಕಿ ಗಂಟು ಹಾಕುತ್ತಿತ್ತು. ರಾಧಾಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ಡಿಪ್ಲೊಮಾದಲ್ಲಿ ನೂಲಿನ ಬಲ ಅಳೆದಿದ್ದಳು. ಈ ಏಳುವುದನ್ನು ಯಾರೂ ಅಳೆದಿರಲಿಲ್ಲ.

"ಎಷ್ಟ ಸಲ ಏಳತೀಯವ್ವಾ?"

"ಎಣಸಕೋತ ಕುಂತ್ರ ಕಂಡಿಕಿ ಯಾರ ಸುತ್ತಬೇಕ್ರಿ? ಯಂತ್ರಾ ತರೂದಾದ್ರ ಹರಿಯೂ ಅಂಥಾದ್ದ ತರಬ್ಯಾಡ್ರಿ. ಹಾಳಾದ ನೂಲಿಂದು ಕೂಲಿಯಾಗ ಮುರೀತಾರ."

ರಾಧಾಬಾಯಿ ಇನ್ನೊಂದು ಷರತ್ತು ಸೇರಿಸಿದಳು: ಪರೀಕ್ಷೆಯ ನಡುವೆ ಪ್ರತಿ ಯಂತ್ರವನ್ನೂ ಹತ್ತು ಸಲ ನಿಲ್ಲಿಸಿ ಮತ್ತೆ ಚಾಲು ಮಾಡಬೇಕು.

"ಇದು ಯಂತ್ರದ ಪರೀಕ್ಷಾನೋ, ಸಂಸಾರದ್ದೋ?" ಎಂದರು ರಾಯರು.

"ಯಂತ್ರ ಕೂಡೂದು ಸಂಸಾರದಾಗ ಅಲ್ಲೇನ್ರಿ?"

ಆಡಳಿತ ಮಂಡಳಿ ಒಪ್ಪಿತು. ಟೆಂಡರ್ ಫಾರಂ ಕೊಂಡ ಎಲ್ಲರಿಗೂ ಅದೇ ಕಾಗದ ಹೋಯಿತು.

ಪರೀಕ್ಷೆಯ ದಿನ ಸಂಘದ ಅಂಗಳದಲ್ಲಿ ನಾಲ್ಕು ಯಂತ್ರ. ಎಲ್ಲದರ ಮೇಲೂ ಮೊದಲೇ ಕೈ ಪಳಗಿಸಿಕೊಂಡಿದ್ದ ಯಲ್ಲವ್ವ, ಚೀಟಿ ಎತ್ತಿದ ಸರದಿಯಂತೆ ಕೂತಳು. ರಾಯರ ಪರಿಚಯದ ಕಂಪನಿಯದು ಎಲ್ಲಕ್ಕಿಂತ ಜೋರು, ನೋಡಿದವರೆಲ್ಲ ತಲೆದೂಗಿದರು. ನಿಲ್ಲಿಸಿ ಚಾಲು ಮಾಡಿದರೆ ಪಟ್. ಮತ್ತೆ ಪಟ್. ಮಿತಿ ದಾಟಿತು. ಇನ್ನೊಂದು ಯಂತ್ರವೂ ಹಾಗೇ ನಪಾಸಾಯಿತು.

"ನಮ್ಮ ದರಾನ ಎಲ್ಲಾರಕಿಂತ ಕಮ್ಮಿ ಐತ್ರಿ, ಲಕೋಟಿ ಒಡದರ ನೋಡ್ರಿ!" ರಾಯರ ಪರಿಚಯದ ಕಂಪನಿಯವನು ಅಂಗಲಾಚಿದ.

ಎಲ್ಲರೂ ರಾಯರತ್ತ ನೋಡಿದರು. ರಾಯರು ಷರತ್ತಿನ ಹಾಳೆ ನೋಡಿದರು. ಅದರಲ್ಲಿ ಅವರದೂ ಸಹಿ ಇತ್ತು. ಲಕೋಟೆಯನ್ನು ಅರಗಿನ ಮುದ್ರೆ ಸಮೇತ ಅವನ ಕೈಗೆ ಹಿಂದಿರುಗಿಸಿದರು.

ಪಾಸಾದ ಎರಡರಲ್ಲಿ ದರ ಕಡಿಮೆಯಿದ್ದದ್ದು ಒಂದು ಮಂಕು ಹಸಿರಿನ ಯಂತ್ರ. ರಾಧಾಬಾಯಿ ಮನಸ್ಸಿನಲ್ಲೇ ಆರಿಸಿಕೊಂಡಿದ್ದು ಬೇರೆಯದನ್ನು. ತಾನು ಬರೆದ ಹಾಳೆ ತನ್ನ ಮಾತನ್ನೂ ಕೇಳಲಿಲ್ಲವಲ್ಲ ಎಂದುಕೊಳ್ಳುತ್ತ ಅವಳು ಹಸಿರು ಯಂತ್ರದ್ದನ್ನೇ ದಾಖಲೆಗೆ ಬರೆದಳು.

"ಇನ್ನೊಮ್ಮೆ ನಿಲ್ಲಸ್ಲೇನ್ರಿ?" ಎಂದಳು ಹಸಿರು ಯಂತ್ರದ ಮುಂದೆ ಕೂತಿದ್ದ ಯಲ್ಲವ್ವ. ಪರೀಕ್ಷೆ ಮುಗಿದಿತ್ತು. ಆದರೂ ನಿಲ್ಲಿಸಿದಳು, ಎದ್ದು ಅಂಗಳವನ್ನೊಂದು ಸುತ್ತು ಹಾಕಿ ಬಂದು ಗುಂಡಿ ಒತ್ತಿದಳು. ಕದಿರು ನಿಧಾನ ಎಚ್ಚೆತ್ತಿತು. ಎಳೆ ಬಿಗಿಯಿತು, ನಡುಗಿತು, ಹರಿಯಲಿಲ್ಲ.