ಹಯವದನರಾಯರ ಶ್ರಾದ್ಧಕ್ಕೆ ಯೋಗ್ಯರಾದ ಭೋಕ್ತೃಗಳು

ದಾವಣಗೆರೆಯ ಸತ್ಯಬೋಧರಾಯರು ಸಹಕಾರಿ ಸಂಘವೊಂದರ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಕುರ್ಚಿ ಹೋದರೂ ಕುರ್ಚಿಯ ಠೀವಿಯನ್ನು ಅವರು ಮನೆಗೆ ಹೊತ್ತು ತಂದಿದ್ದರು. ಎದುರಿಗೆ ಬಂದವನು ದೊಡ್ಡವನೋ ಸಣ್ಣವನೋ ಎಂಬುದು ತೀರ್ಮಾನವಾಗುವವರೆಗೆ ಅವರ ಮುಖದಲ್ಲಿ ನಗೆ ಮೂಡುತ್ತಿರಲಿಲ್ಲ. ದೇವರಲ್ಲಿಯೂ ಅವರಿಗೆ ಭಕ್ತಿ ಇತ್ತು; ಆದರೆ ಅದು ಮೇಲಧಿಕಾರಿಯಲ್ಲಿ ಇರುವಂಥ ಭಕ್ತಿ.

ಮಾರ್ಗಶಿರ ಬಹುಳ ಪಂಚಮಿ ಅವರ ತಂದೆ ಹಯವದನರಾಯರ ತಿಥಿ. ವಾರಕ್ಕೆ ಮುಂಚೆ ರಾಯರು ಹರಿಹರದ ಜಯತೀರ್ಥಾಚಾರ್ಯರಿಗೆ ಫೋನು ಹಚ್ಚಿದರು.

"ಆಚಾರ್ರೇ, ಬೆಳಿಗ್ಗೆ ಎಂಟಕ್ಕೆಲ್ಲಾ ಮುಗಿಸಿಬಿಡೋಣ. ಆಮೇಲೆ ನನಗೊಂದು ಸಭೆ ಇದೆ."

"ಎಂಟಕ್ಕೆ ಮುಗಿಸೋದಕ್ಕೆ ಇದೇನು ಸತ್ಯನಾರಾಯಣ ಪೂಜೆಯೇ ರಾಯರೇ? ಪಿತೃಕಾರ್ಯ ಅಪರಾಹ್ನಕ್ಕೇ ಆಗಬೇಕು. ಹನ್ನೊಂದಕ್ಕೆ ಸಂಕಲ್ಪ, ಮಧ್ಯಾಹ್ನ ದಾಟಿದ ಮೇಲೆ ಎಲೆ. ಅವತ್ತು ಪಂಚಮಿ ಸಂಜೆಯವರೆಗೂ ಇದೆ, ತೊಂದರೆ ಇಲ್ಲ."

"ಆಯ್ತು, ಸಭೆಯವರಿಗೆ ಹೇಳ್ತೀನಿ. ಸಾಮಾನು?"

"ದರ್ಭೆ, ಪವಿತ್ರ ನಾನು ತರ್ತೀನಿ. ನೀವು ಕರಿ ಎಳ್ಳು, ಜೇನುತುಪ್ಪ, ಹಸುವಿನ ತುಪ್ಪ, ಗಂಧ, ತುಳಸಿ ನೋಡ್ಕೊಳ್ಳಿ. ಎಲೆ ಹರಿದಿರಬಾರದು. ಭೋಕ್ತೃಗಳಿಗೆ ಕೊಡೋ ಪಂಚೆ ಹೊಸದಿರಲಿ. ಮತ್ತೆ, ನಮ್ಮ ಕಡೆ ಇಬ್ಬರಿದ್ದಾರೆ, ಎಲ್ಲಾ ಶ್ರಾದ್ಧಕ್ಕೂ ನೇಮದಿಂದ ಕೂತವರು. ಕರ್ಕೊಂಡು ಬರಲಾ?"

ಇಲ್ಲಿ ರಾಯರ ದನಿ ಗಡುಸಾಯಿತು. ಪಿತೃಸ್ಥಾನದಲ್ಲಿ ಕುಳಿತು ಉಣ್ಣುವ ಬ್ರಾಹ್ಮಣನೆಂದರೆ ಆ ಹೊತ್ತಿಗೆ ಸಾಕ್ಷಾತ್ ತಂದೆಯೇ. ಊರೂರು ಅಲೆದು ಉಣ್ಣುವವನೊಬ್ಬ ಆ ಸ್ಥಾನಕ್ಕೆ ಬರುವುದೇ!

"ಬೇಡ ಬೇಡ. ನಮ್ಮಪ್ಪನ ಎಲೆ ಮುಂದೆ ಯಾರ್ಯಾರೋ ಕೂರೋದು ನನಗೆ ಸರಿಬರೋಲ್ಲ. ನಿವೃತ್ತ ಜಡ್ಜು ಗೋಪಿನಾಥರಾಯರು, ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಶ್ಯಾಮಸುಂದರ ಇಬ್ಬರಿಗೂ ಹೇಳಿದೀನಿ."

"ಅವರು ಹಿಂದಿನ ರಾತ್ರಿ ಊಟ ಬಿಡ್ತಾರಾ? ಕೇಳಿ ನೋಡಿದ್ರಾ?"

"ಅಂಥವರಿಗೆ ಹೇಳಿಕೊಡಬೇಕೇನ್ರಿ?"

"ಸರಿ, ನಿಮ್ಮಿಷ್ಟ. ಆದರೂ ದೊಡ್ಡ ಗಾಡಿ ಕಳಿಸಿಬಿಡಿ. ಬೇಕೇ ಆದರೆ ಇಬ್ಬರನ್ನೂ ಹತ್ತಿಸಿಕೊಂಡು ಬಂದುಬಿಡ್ತೀನಿ."

"ನೀವೊಬ್ಬರೇ ತಾನೇ ಬರೋದು? ಸಣ್ಣದು ಸಾಕು. ಹಿಂದಿನ ಸೀಟಿಗೆ ಹರಿಹರದ ಬಾಳೆ ಎಲೆ, ತರಕಾರಿ ಹೇಳಿದೀನಿ."

ಗಾಡಿ ರಾಯರ ತಂಗಿ ತಾರಾಬಾಯಿಯ ಮಗ ಮುಕುಂದನದು. ಹುಡುಗ ಪದವಿ ಮುಗಿಸಿ, ನೌಕರಿಗೆ ಕಾಯದೆ, ಬಾಡಿಗೆಗೆ ಕಾರು ಓಡಿಸುತ್ತಿದ್ದ. ರಾಯರ ದೃಷ್ಟಿಯಲ್ಲಿ ಇದು ಎರಡೂ ವಂಶಕ್ಕೆ ಬಳಿದ ಮಸಿ. ನೆಂಟರೆದುರು ಅವನ ಮಾತು ಬಂದರೆ, "ಸಾರಿಗೆ ವ್ಯವಹಾರದಲ್ಲಿದ್ದಾನೆ" ಎಂದು ಹೇಳಿ ಮಾತು ತಿರುಗಿಸುತ್ತಿದ್ದರು. ಶ್ರಾದ್ಧದ ಊಟಕ್ಕೂ ಅವನಿಗೆ ಕರೆ ಇರಲಿಲ್ಲ. ಆಚಾರ್ಯರನ್ನು ಕರೆತರುವ ಅಪ್ಪಣೆ ಮಾತ್ರ ಇತ್ತು.

ಪಂಚಮಿಯ ದಿನ ಹತ್ತೂವರೆಗೆ ಕಾರು ಬಂದು ನಿಂತಿತು. ಎಲೆಯ ಕಟ್ಟಿನ ಸಂದಿಯಿಂದ ಆಚಾರ್ಯರು ಹೇಗೋ ಹೊರಬಂದರು. ಒಳಗೆ ರಾಯರ ಹೆಂಡತಿ ಇಂದಿರಾಬಾಯಿ ಮಡಿಯಲ್ಲಿ ವಡೆಗೆ ಉದ್ದು ರುಬ್ಬಿ ಮುಗಿಸಿದ್ದರು. ಹಾಗಲಕಾಯಿಯ ಪಲ್ಯ ಒಲೆಯ ಮೇಲಿತ್ತು. ಹನ್ನೊಂದಾಯಿತು. ಸಂಕಲ್ಪವೂ ಆಯಿತು. ಭೋಕ್ತೃಗಳ ಕಾಲು ತೊಳೆಯಲು ಅಂಗಳದಲ್ಲಿ ಮಂಡಲ ಬರೆದದ್ದಾಯಿತು. ತೊಳೆಯಲು ಕಾಲುಗಳೇ ಇರಲಿಲ್ಲ.

ರಾಯರು ಜಡ್ಜರಿಗೆ ಫೋನು ಮಾಡಿದರು.

"ಅಯ್ಯೋ ಸತ್ಯಬೋಧ, ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ತಗೊಂಡೆ. ಮಾತ್ರೆ ತಗೊಂಡ ಮೇಲೆ ಇಡ್ಲಿ ತಿನ್ನಲೇಬೇಕು. ನಾಲ್ಕೇ ಇಡ್ಲಿ ಕಣಯ್ಯಾ. ಪರವಾಗಿಲ್ಲ ಅಂದ್ರೆ ಬರ್ತೀನಿ."

ಪ್ರಿನ್ಸಿಪಾಲರು ಇನ್ನೂ ನೇರವಾಗಿದ್ದರು. "ಪಿತೃಸ್ಥಾನದಲ್ಲಿ ಕೂರೋದಾ? ನಾನು ಊಟಕ್ಕೆ ಮಾತ್ರ ಅಂದ್ಕೊಂಡಿದ್ದೆ. ನಮ್ಮನೇವಳು ಬೇಡ ಅಂತಾಳಪ್ಪಾ, ಹೆದರ್ತಾಳೆ."

ಇನ್ನೊಬ್ಬರ ಮನೆಯ ಪಿತೃಗಳ ಪಾಪ ತಮಗೆ ಅಂಟೀತೆಂಬ ಭಯ ಇಂಥ ಗಣ್ಯರಿಗೆ. ಶಾಸ್ತ್ರವೆಂದರೆ ವೇದಿಕೆಯ ಮೇಲೆ ನಿಂತು ಹೊಗಳುವುದಕ್ಕೆ. ಎಲೆಯ ಮುಂದೆ ಕೂರುವುದಕ್ಕಲ್ಲ.

ರಾಯರು ಬಾಡಿದ ಮುಖದಿಂದ ಬಂದು ನಿಂತರು. "ಆಚಾರ್ರೇ, ನಿಮ್ಮ ಆ ಇಬ್ಬರನ್ನ ಈಗ ಕರೆಸಿದರೆ?"

"ಅವರು ಇಷ್ಟು ಹೊತ್ತಿಗೆ ರಾಣೆಬೆನ್ನೂರಿನಲ್ಲಿ ಬೇರೆಯವರ ಮನೆಯಲ್ಲಿ ಕಾಲು ತೊಳೆಸಿಕೊಂಡಿರ್ತಾರೆ. ದೊಡ್ಡ ಗಾಡಿ ಅಂದೆ, ನೀವು ಎಲೆಕಟ್ಟು ಕೂರಿಸಿದ್ರಿ."

"ಹಾಗಾದರೆ ನೀವೇ..."

"ಮಂತ್ರ ಯಾರು ಹೇಳ್ತಾರೆ? ನೋಡಿ, ಎರಡು ಎಲೆಯಲ್ಲಿ ಒಂದು ವಿಶ್ವೇದೇವರದು, ಅಲ್ಲಿಗೆ ದರ್ಭೆ ಕಟ್ಟಿದ ಕೂರ್ಚ ಇಟ್ಟು ನಡೆಸಬಹುದು. ಪಿತೃಸ್ಥಾನಕ್ಕೆ ಒಬ್ಬನಾದರೂ ಬೇಕು. ಸಗೋತ್ರದವನಾಗಬಾರದು. ಯಾರೂ ಸಿಗದಾಗ ಮಗಳ ಮಗನನ್ನ ಕೂರಿಸೋದಕ್ಕೆ ಶಾಸ್ತ್ರದ ಒಪ್ಪಿಗೆ ಇದೆ." ಆಚಾರ್ಯರು ಜಗಲಿಯಾಚೆ ನೋಡಿದರು. "ನಿಮ್ಮಪ್ಪನ ಮಗಳ ಮಗ ಅಲ್ಲಿ ಟೈರು ಒದ್ದು ನೋಡ್ತಿದ್ದಾನಲ್ಲ."

"ಅವನಾ? ಅವನು ಡ್ರೈವರು!"

"ನಿಮ್ಮಪ್ಪನಿಗೆ ಮೊಮ್ಮಗ. ಹೊತ್ತು ಹೋಗ್ತಿದೆ, ರಾಯರೇ. ಇವತ್ತು ತಪ್ಪಿದರೆ ಅವರಿಗೆ ಈ ವರ್ಷದ ತಿಥಿ ಇಲ್ಲ."

ಒಳಗಿನಿಂದ ಇಂದಿರಾಬಾಯಿಯ ಮಾತು ಕೇಳಿತು. "ನಾನು ಬೆಳಗಿನಿಂದ ಮಡಿಯಲ್ಲಿ ಬೆಂದದ್ದನ್ನ ಜಡ್ಜಿಗೆ ಡಬ್ಬಿ ಕಟ್ಟಿ ಕಳಿಸಲೇನು?"

ಕಡೆಗೆ ರಾಯರು ಜಗಲಿಗೆ ಹೋದರು. "ಏನೋ, ಏನಾದರೂ ತಿಂದಿದ್ದೀಯಾ?"

"ಇಲ್ಲ ಮಾಮ. ಅಜ್ಜನ ಎಲೆ ಎತ್ತೋವರೆಗೂ ಏನೂ ಮುಟ್ಟಬೇಡ ಅಂತ ಅಮ್ಮನ ಆಜ್ಞೆ. ಕಾಫಿಯೂ ಕೊಡಲಿಲ್ಲ."

"ರಾತ್ರಿ?"

"ಮದುವೆ ಬಾಡಿಗೆ. ನಾನು ಹೋಗೋ ಹೊತ್ತಿಗೆ ಸಾರೂ ಖಾಲಿ. ಬಾಳೆಹಣ್ಣು ತಿಂದು ಮಲಗಿದೆ. ಯಾಕೆ, ಇಷ್ಟು ವಿಚಾರಣೆ? ಊಟಕ್ಕೆ ಕರೀತೀರಾ?"

"ಹೂಂ," ಎಂದರು ರಾಯರು, ಬೇವು ಅಗಿದವರಂತೆ. "ಒಳಗೆ ಬಾ. ಸ್ನಾನ ಮಾಡು."

ಮುಕುಂದ ಮಿಂದು, ಹೊಸ ಪಂಚೆಯುಟ್ಟು, ಗೋಪೀಚಂದನ ಹಚ್ಚಿಕೊಂಡು ಮಂಡಲದ ಬಳಿ ನಿಂತ. ಸತ್ಯಬೋಧರಾಯರು ಬಗ್ಗಿ, ಕ್ಲಚ್ಚು ಬ್ರೇಕು ತುಳಿದು ಗಟ್ಟಿಯಾಗಿದ್ದ ಆ ಪಾದಗಳನ್ನು ತೊಳೆದರು.

"ಹಿಮ್ಮಡಿ ಬಿಟ್ಟಿರಿ," ಎಂದರು ಆಚಾರ್ಯರು.

ಎಲೆಯ ಮುಂದೆ ಮುಕುಂದ ನಿಯಮದಂತೆ ಮೌನವಾಗಿ ಉಂಡ. ಮಾಮನೇ ನಿಂತು ಬಡಿಸಬೇಕು. ಸಿಡುಕಬಾರದು, ಆತುರಪಡಿಸಬಾರದು, ಕ್ರೋಧ ಸುಳಿದರೆ ಕರ್ಮ ಕೆಟ್ಟಿತು. ಹುಡುಗ ವಡೆಯ ಕಡೆ ಬೆರಳು ತೋರಿದ, ರಾಯರು ಬಡಿಸಿದರು. ಮತ್ತೆ ತೋರಿದ, ಮತ್ತೆ ಬಡಿಸಿದರು. ಇಡೀ ಆಯುಷ್ಯದಲ್ಲಿ ಅವರು ಅಷ್ಟು ಹೊತ್ತು ಸುಮ್ಮನೆ ಬೇರೊಬ್ಬರ ಸನ್ನೆಗೆ ಕಾದದ್ದು ಅದೇ ಮೊದಲು. ಪಿಂಡಪ್ರದಾನವಾಯಿತು. ಕೊನೆಗೆ ರಾಯರು ಅಡ್ಡಬಿದ್ದರು. ಮುಕುಂದ ಮಂತ್ರಾಕ್ಷತೆ ಹಾಕಿದ. ಮುಖದಲ್ಲಿ ನಗು ತಡೆಯಲು ಅವನು ಪಟ್ಟ ಕಷ್ಟವನ್ನು ಅಡುಗೆಮನೆಯ ಬಾಗಿಲಲ್ಲಿದ್ದ ಇಂದಿರಾಬಾಯಿ ಮಾತ್ರ ಕಂಡರು.

ಎಲ್ಲರ ಊಟವೂ ಮುಗಿಯಿತು. ಠೀವಿ ಮರಳಿ ಬರುವುದಕ್ಕೆ ಅಷ್ಟು ಸಾಕಾಯಿತು. "ಏ ಮುಕುಂದ, ಏಳು. ಆಚಾರ್ಯರನ್ನ ಬಿಟ್ಟು ಬಾ."

ಆಚಾರ್ಯರು ತಲೆಯಲ್ಲಾಡಿಸಿದರು. "ಶ್ರಾದ್ಧ ಉಂಡವನು ಅವತ್ತು ದಾರಿ ನಡೆಯೋ ಹಾಗಿಲ್ಲ, ಭಾರ ಹೊರೋ ಹಾಗಿಲ್ಲ. ಊರಿಂದೂರಿಗೆ ಕಾರು ಓಡಿಸೋದಂತೂ ಆಗದ ಮಾತು. ಇವತ್ತು ಅವನು ಇಲ್ಲೇ ಇರಲಿ."

"ಮತ್ತೆ ನೀವು?"

"ಬಸ್ಸಿದೆ. ಚೀಲ ಭಾರ. ಈ ಮಂಡಿಯಲ್ಲಿ ನಾನು ಹತ್ತೋದು ಕಷ್ಟ."

ಮುಕುಂದ ನಡುಮನೆಯ ಚಾಪೆಯ ಮೇಲೆ ಆಗಲೇ ಮೈ ಚಾಚಿದ್ದ. "ಮಾಮ, ಬೀಗದಕೈ ಕೊಡ್ಲಾ? ಓ, ನಿಮಗೆ ಕಾರು ಬರೋಲ್ಲ, ಅಲ್ವಾ?"

ಹೀಗೆ ಸತ್ಯಬೋಧರಾಯರು ಒಂದು ಕೈಯಲ್ಲಿ ಆಚಾರ್ಯರ ತೋಳನ್ನೂ ಇನ್ನೊಂದರಲ್ಲಿ ದರ್ಭೆ, ಪಾತ್ರೆ, ಅಕ್ಕಿಯ ಚೀಲವನ್ನೂ ಹಿಡಿದು ಹರಿಹರದ ಬಸ್ಸು ಹತ್ತಿದರು. ಪಕ್ಕದ ಸೀಟಿನಲ್ಲಿ ಸಹಕಾರಿ ಸಂಘದ ಹಳೆಯ ಗುಮಾಸ್ತ ಸಿಕ್ಕಿದ.

"ತಂದೆಯವರ ತಿಥಿ ಆಯ್ತಾ ಸಾರ್? ಭೋಕ್ತೃಗಳಾಗಿ ಯಾರು ಬಂದಿದ್ರು?"

ರಾಯರು ಚೀಲವನ್ನು ಕಾಲಿನ ಸಂದಿಗೆ ಸರಿಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು.

"ಒಳ್ಳೇ ಮನೆತನದವರು ಕಣಯ್ಯಾ. ಪದವೀಧರರು. ಸ್ವಂತ ಕಾರಿನಲ್ಲೇ ಬಂದಿದ್ದರು."