ಶನಿವಾರದ ಹಾಳೆ

ಕೋತಗಿರಿ ಹತ್ತಿರದ ಒಂದು ಸಹಕಾರಿ ಚಹಾ ಫ್ಯಾಕ್ಟರಿಯ ಆಫೀಸಿನಲ್ಲಿ ನನಗೆ ಕೆಲಸ. ನಾನು ಗುಂಡ್ಲುಪೇಟೆ ಕಡೆಯವಳು, ಮದುವೆಯಾಗಿ ಘಾಟಿ ಹತ್ತಿ ಬಂದೆ. ತಮಿಳು ಓದುವುದನ್ನು ಇಲ್ಲಿಯ ಬಸ್ಸಿನ ಬೋರ್ಡು ನೋಡಿಯೇ ಕಲಿತೆ. ಹಾಗೆ ಕಲಿತ ತಮಿಳನ್ನು ನಂಬಿ ಮ್ಯಾನೇಜರ್ ಸಾಹೇಬರು ನನಗೆ ವಹಿಸಿದ ಕೆಲಸ ಎಂಥದ್ದು ಅಂದರೆ, ವಾರವಿಡೀ ಬಂದ ಕಾಗದಗಳನ್ನೆಲ್ಲ ಓದಿ ಶನಿವಾರ ಮಧ್ಯಾಹ್ನದೊಳಗೆ ಒಂದೇ ಹಾಳೆಗೆ ಇಳಿಸಿ ಕೊಡುವುದು. ಹೊಸ ಸುತ್ತೋಲೆಗಳು ಯಾವುವು, ಸಹಿಗೆ ಕಾದಿರುವುದು ಯಾವುದು, ಕೊನೆಯ ದಿನ ಯಾವುದಕ್ಕೆ ಯಾವತ್ತು. ಮೂರು ಭಾಗ, ಒಂದು ಹಾಳೆ. ಎರಡನೆಯ ಹಾಳೆ ಕೊಟ್ಟರೆ ಅದನ್ನು ಅವರು ಚಹಾ ಲೋಟದ ಕೆಳಗೆ ಇಡುತ್ತಿದ್ದರು.

ಕಾಗದ ಅಂದೆನಲ್ಲ, ನಿಜವಾದ ಕಾಗದ ಬರುವುದು ಅಪರೂಪ. ಎಲ್ಲವೂ ಫಾರ್ವರ್ಡ್. ಹೆಡ್ ಆಫೀಸಿನಿಂದ ಮೇಲ್ ಬಂದರೆ ಸಾಹೇಬರು ಒಂದು ಮಾತೂ ಬರೆಯದೆ ನನಗೆ ದಾಟಿಸುತ್ತಾರೆ. ಇಲಾಖೆಯ ಸುತ್ತೋಲೆಯನ್ನು ಯಾರೋ ಓರೆಯಾಗಿ ಫೋಟೊ ತೆಗೆದು ವಾಟ್ಸಪ್ಪಿಗೆ ಹಾಕಿರುತ್ತಾರೆ, ಅದರಲ್ಲಿ ಅರ್ಧ ಪುಟ ಅವರ ಹೆಬ್ಬೆರಳೇ. ಒಂದೇ ಸುತ್ತೋಲೆ ನಾಲ್ಕು ಕಡೆಯಿಂದ ಬರುತ್ತದೆ. ಹಳೆಯದೊಂದು ಇದ್ದಕ್ಕಿದ್ದಂತೆ ಹೊಸ ಅಳಿಯನ ಹಾಗೆ ಬಂದು ಕೂರುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ಸುತ್ತೋಲೆಯ ನಂಬರು ಮತ್ತು ಅದರ ಮೇಲಿರುವ ತಾರೀಕು. ಫೋನಿಗೆ ಬಂದ ತಾರೀಕನ್ನು ನಂಬಿದರೆ ಕೆಟ್ಟೆವು. 'ಈ ಸುತ್ತೋಲೆಯ ದಿನದಿಂದ ಹದಿನೈದು ದಿನದೊಳಗೆ' ಎಂದು ಬರೆದಿರುತ್ತಾರೆ, ಅದು ನಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ದಿನಗಳು ದಾರಿಯಲ್ಲೇ ಕಳೆದಿರುತ್ತವೆ.

ನಮ್ಮ ಮ್ಯಾನೇಜರು ಒಳ್ಳೆಯ ಮನುಷ್ಯ. ಸೋಲೂರು ಕಡೆಯ ಹಟ್ಟಿಯವರು, ಹಟ್ಟಿ ಅಂದರೆ ಇಲ್ಲಿ ಊರು. ಚಹಾ ಬಾಯಿಗೆ ಹಾಕಿದ ಕೂಡಲೇ ಅದರ ಗುಣ ಹೇಳುತ್ತಾರೆ. ಅವರಿಗೆ ಎರಡು ನಂಬಿಕೆ. ಒಂದು, ಫಾರ್ವರ್ಡ್ ಮಾಡಿದ ಮೇಲೆ ಆ ಕೆಲಸ ಮುಗಿಯಿತು. ಇನ್ನೊಂದು, ಶನಿವಾರದ ಹಾಳೆಯಲ್ಲಿ ಯಾರ ಹೆಸರೂ ಇರಬಾರದು.

ಈ ಎರಡನೆಯದಕ್ಕೆ ಕಾರಣವಿತ್ತು. ಹಾಳೆಯ ಒಂದು ಪ್ರತಿ ನೋಟಿಸ್ ಬೋರ್ಡಿಗೂ ಹೋಗುತ್ತದೆ. ಎಲೆ ಕೊಡುವ ಸದಸ್ಯರು, ಡ್ರೈವರುಗಳು, ಡೈರೆಕ್ಟರುಗಳು ಎಲ್ಲರೂ ಒಂದೊಂದು ಹಟ್ಟಿಯವರು, ಒಬ್ಬರಿಗೊಬ್ಬರು ಮಾವ, ಮೈದುನ, ಬೀಗ. ಇಂಥವರ ಹತ್ತಿರ ಕೆಲಸ ನಿಂತಿದೆ ಎಂದು ಬರೆದರೆ ಆ ಮಾತು ಸಂಜೆಯ ಬಸ್ಸಿನಲ್ಲೇ ಅವರ ಮನೆ ಮುಟ್ಟುತ್ತದೆ. ನಾನು ಸೇರಿದ ಹೊಸತರಲ್ಲೇ ಸಾಹೇಬರು ಹೇಳಿದ್ದರು, ಹಟ್ಟಿಯ ಮಾತಿನಲ್ಲಿ 'ನಂಗ' ಅಂದರೆ 'ನಮ್ಮ'.

"ಅಮ್ಮಾ, ಹೆಸರು ಬೇಡ. ಕೆಲಸ ಬರಿ, ಆಳು ಬರಿಬೇಡ. ನಂಗ ಜನ ಮರ್ಯಾದೆಗೆ ಬದುಕೋರು."

"ಯಾರ ಹತ್ತಿರ ನಿಂತಿದೆ ಅಂತ ಬರೆಯದಿದ್ದರೆ ಯಾರು ಎದ್ದು ಮಾಡ್ತಾರೆ ಸಾರ್?"

"ಮಾಡೋನಿಗೆ ತಾನೇ ಗೊತ್ತಾಗತ್ತೆ."

ಗೊತ್ತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ವಾದ ಮಾಡಿ ನೋಡಿದೆ, ನಡೆಯಲಿಲ್ಲ. ಸರಿ, ನಿಮ್ಮ ಫ್ಯಾಕ್ಟರಿ, ನಿಮ್ಮ ಮರ್ಯಾದೆ ಎಂದುಕೊಂಡು 'ಸಹಿಗೆ ಕಾದಿದೆ', 'ಉತ್ತರಕ್ಕೆ ಕಾದಿದೆ' ಎಂದಷ್ಟೇ ಬರೆಯುತ್ತ ಹೋದೆ.

ಹೀಗಿರುವಾಗ ಹೆಡ್ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಹಟ್ಟಿಗಳಲ್ಲಿ ಸದಸ್ಯರ ಎಲೆ ತೂಗಿ ಲಾರಿಗೆ ಹಾಕುವ ಶೆಡ್ಡುಗಳಲ್ಲಿ ಎಲೆ ಕಡಿಮೆ ಬರುವವನ್ನು ಮುಚ್ಚಿ ಹತ್ತಿರದ ಶೆಡ್ಡಿಗೆ ಸೇರಿಸುವುದು. ಯಾವುದಾದರೂ ಶೆಡ್ಡು ಉಳಿಯಬೇಕೆಂದರೆ ಮ್ಯಾನೇಜರು ಕಾರಣ ಬರೆದು, ಸಹಿ ಮಾಡಿದ ಶಿಫಾರಸನ್ನು ತಿಂಗಳ ಕೊನೆಯ ಶುಕ್ರವಾರದ ಕಚೇರಿ ವೇಳೆಯೊಳಗೆ ಕಳಿಸಬೇಕು. ಮುಚ್ಚುವ ಪಟ್ಟಿಯನ್ನು ಓದಿದೆ. ಮೊದಲನೆಯದೇ ಮೇಲಿನ ಹಟ್ಟಿಯ, ಅಂದರೆ ನಮ್ಮ ಹಟ್ಟಿಯ ಶೆಡ್ಡು.

ನಮ್ಮ ಶೆಡ್ಡು ಅಂದರೆ ತಗಡಿನ ಮಾಡು, ಒಂದು ತಕ್ಕಡಿ, ಒಂದು ಕಲ್ಲುಜಗಲಿ, ಅಷ್ಟೇ. ಆದರೆ ಅತ್ತೆ ಬೆಳಗಿನಿಂದ ಕೊಯ್ದ ಎಲೆಯನ್ನು ತಲೆಯ ಮೇಲೆ ಹೊತ್ತು ಅಲ್ಲಿಗೆ ತರುತ್ತಾರೆ. ಲಾರಿ ಬರುವ ತನಕ ಆ ಜಗಲಿಯ ಮೇಲೆ ಕೂತು ಹಟ್ಟಿಯ ಹೆಂಗಸರೆಲ್ಲ ಲೋಕವನ್ನೇ ಅಳೆದು ತೂಗುತ್ತಾರೆ. ಅದು ಮುಚ್ಚಿದರೆ ಮುಂದಿನದು ಕೆಳಗೆ ರಸ್ತೆಯ ಪಕ್ಕದ ಶೆಡ್ಡು. ಹೋಗುವಾಗ ಕಡಿದಾದ ಇಳಿಜಾರು, ತಲೆಯ ಮೇಲೆ ಮೂಟೆ. ಅತ್ತೆಯ ಮೊಣಕಾಲು ಈಗಾಗಲೇ ಮನೆಯ ಮೆಟ್ಟಿಲಿಗೇ ಬೈಯುತ್ತಿತ್ತು. ಕೆಳಗೆ ಇಳಿಯಬೇಕಾದರೆ ಅವರು ಎಲೆ ಕೊಯ್ಯುವುದನ್ನೇ ಬಿಡಬೇಕಿತ್ತು. ಎಲೆ ಬಿಟ್ಟ ಅತ್ತೆಯನ್ನು ಮನೆಯೊಳಗೆ ಕೂರಿಸಿ ನೋಡುವುದು ನನಗೆ ಊಹಿಸಲೂ ಆಗಲಿಲ್ಲ.

ಎಲೆ ವಿಭಾಗದ ಆಫೀಸರು ಶೆಡ್ಡು ಉಳಿಸಲು ಒಳ್ಳೆಯ ಶಿಫಾರಸು ತಯಾರು ಮಾಡಿ ಸಾಹೇಬರಿಗೆ ಮೇಲ್ ಮಾಡಿದರು. ಸಾಹೇಬರು ಎಂದಿನ ಹಾಗೆ ನನಗೆ ಫಾರ್ವರ್ಡ್ ಮಾಡಿದರು. ನಾನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಶನಿವಾರದ ಹಾಳೆಯಲ್ಲಿ ಎರಡನೆಯ ಭಾಗದಲ್ಲಿ ಬರೆದೆ, 'ಮೇಲಿನ ಹಟ್ಟಿಯ ಶೆಡ್ಡಿನ ಶಿಫಾರಸು, ಸಹಿಗೆ ಕಾದಿದೆ.' ಮೂರನೆಯ ಭಾಗದಲ್ಲಿ ಕೊನೆಯ ದಿನವನ್ನೂ ಬರೆದೆ.

ಮುಂದಿನ ಶನಿವಾರವೂ ಅದೇ ಸಾಲು. ಅದರ ಮುಂದಿನದೂ ಅದೇ. ಸಾಹೇಬರು ಓದುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ಶೆಡ್ಡಿಂದು ಇನ್ನೂ ಸಹಿಗೆ ಕಾದಿದೆ ಸಾರ್," ಎಂದೆ.

"ಗೊತ್ತಮ್ಮಾ, ಗೊತ್ತು. ಕಾಯೋಣ," ಎಂದರು.

ಬೇರೆ ಶೆಡ್ಡಾಗಿದ್ದರೆ ಪೆನ್ನು ಕೈಗೇ ಕೊಡುತ್ತಿದ್ದೆ. ಆದರೆ ಇದು ನನ್ನ ಮನೆಯ ಶೆಡ್ಡು. ಒತ್ತಾಯ ಮಾಡಿದರೆ ಅತ್ತೆಗಾಗಿ ಆಫೀಸು ನಡೆಸುತ್ತಾಳೆ ಎಂದಾರು ಎಂದು ಬಾಯಿ ಮುಚ್ಚಿಕೊಂಡೆ. ಒಂದು ಸಹಿ ಹಾಕಲು ಈ ಮನುಷ್ಯನಿಗೆ ಏನು ಕಷ್ಟ, ಯಾರಿಗೆ ಹೆದರುತ್ತಿದ್ದಾರೆ ಎಂದು ಬಸ್ಸಿನಲ್ಲಿ ಹೋಗುವಾಗೆಲ್ಲ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ. ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಕೇಳುತ್ತಿದ್ದರು.

"ನಂಗ ಶೆಡ್ಡು ಏನಾತು?"

"ಸಹಿಗೆ ಕಾದಿದೆ ಅತ್ತೆ."

"ಯಾರ ಸಹಿಗೆ?"

ನೋಡಿ, ಶಾಲೆಯ ಮೆಟ್ಟಿಲು ಹತ್ತದ ನಮ್ಮತ್ತೆಗೆ ಹೊಳೆದ ಪ್ರಶ್ನೆ ನಮ್ಮ ಇಡೀ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಒಲೆ ಕಡೆ ಹೋದೆ. ಮನೆಯಲ್ಲೂ ಹೆಸರು ಹೇಳಲು ಮನಸ್ಸು ಬರಲಿಲ್ಲ. ಮೂರು ವರ್ಷದಲ್ಲಿ ಈ ಬೆಟ್ಟದ ಮರ್ಯಾದೆ ನನಗೂ ಹತ್ತಿಬಿಟ್ಟಿತ್ತು.

ಕೊನೆಯ ಶುಕ್ರವಾರ ಬಂತು. ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ನನ್ನನ್ನು ರೂಮಿಗೆ ಕರೆದರು. ಮುಖ ಕೆಂಪಾಗಿತ್ತು.

"ಇವತ್ತು ಕೊನೇ ದಿನ ಅಲ್ವಾ? ಕೂತ್ಕೋ. ಈ ಹೆಡ್ ಆಫೀಸಿನವರಿಗೆ ಇವತ್ತು ಎರಡು ಮಾತು ಕೇಳ್ತೀನಿ. ನಿನ್ನ ಅತ್ತೆ ಶೆಡ್ಡು ಅಂತ ನೀನು ಸುಮ್ಮನಿದ್ದೀಯ, ನಾನು ಯಾಕೆ ಸುಮ್ಮನಿರಲಿ?"

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಆ ಕಡೆ ಒಬ್ಬ ಹೆಂಗಸಿನ ದನಿ. ಸಾಹೇಬರು ತಮಿಳಿನಲ್ಲಿ ಶುರು ಮಾಡಿದರು. ಮೂರು ವಾರದಿಂದ ನಮ್ಮ ಶಿಫಾರಸು ನಿಮ್ಮಲ್ಲಿ ಸಹಿಗೆ ಕಾದಿದೆಯಂತೆ, ಬಡಬಗ್ಗರ ಎಲೆ ಅಂದರೆ ನಿಮಗೆ ಅಷ್ಟು ಸಸಾರವೇ, ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು ಎಂದು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ನಾನು ಬಸ್ಸಿನಲ್ಲಿ ಅವರ ಮೇಲೆ ಆಡಿದ ಮಾತುಗಳನ್ನೇ ಅವರು ಆ ಹೆಂಗಸಿಗೆ ಆಡುತ್ತಿದ್ದರು.

ಆಕೆ ತಾಳ್ಮೆಯಿಂದ ಕೇಳಿ, ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು. "ನಿಮ್ಮಿಂದ ಏನೂ ಬಂದಿಲ್ಲ ಸಾರ್. ನಾವೇ ನಿಮ್ಮ ಸಹಿಗೆ ಕಾದಿದ್ದೇವೆ. ಐದು ಗಂಟೆಗೆ ಪಟ್ಟಿ ಮುಗಿಸ್ತೇವೆ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಮೇಜಿನ ಕಡೆ ನೋಡಿದೆ. ಚಹಾ ಸ್ಯಾಂಪಲ್ ಡಬ್ಬಿಯ ಕೆಳಗಿಂದ ಶಿಫಾರಸಿನ ಮೂಲೆ ಇಣುಕುತ್ತಿತ್ತು.

"ಇದು ನಕಲು ಅಲ್ವಾ? ಅವತ್ತೇ ಫಾರ್ವರ್ಡ್ ಮಾಡಿದೆನಲ್ಲ."

"ನನಗೆ ಮಾಡಿದ್ರಿ ಸಾರ್. ನನ್ನ ಸಹಿ ಹೆಡ್ ಆಫೀಸಿನಲ್ಲಿ ನಡೆಯಲ್ಲ."

"ಅಂದ್ರೆ ಮೂರು ವಾರ ಸಹಿಗೆ ಕಾದಿದ್ದು..."

"ನಿಮ್ಮದಕ್ಕೇ."

ಫೋನಿನ ಆ ಕಡೆ ಹೆಂಗಸು ಕಿಸಕ್ಕನೆ ನಕ್ಕದ್ದು ನಮ್ಮಿಬ್ಬರಿಗೂ ಕೇಳಿಸಿತು. ಸಾಹೇಬರು ಪೆನ್ನು ಹುಡುಕಿದರು, ಸಿಗಲಿಲ್ಲ. ನನ್ನ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಸೀಲು ಹೊಡೆದೆ. ಸ್ಕ್ಯಾನ್ ಮಾಡೋಣವೆಂದರೆ ಕರೆಂಟು ಹೋಯಿತು. ಫ್ಯಾಕ್ಟರಿಗೆ ಜನರೇಟರ್ ಇದೆ, ಆಫೀಸಿಗೆ ಇಲ್ಲ. ಕಿಟಕಿಯ ಹತ್ತಿರ ಹಿಡಿದು ಸಾಹೇಬರ ಫೋನಿನಲ್ಲೇ ಫೋಟೊ ತೆಗೆದೆ, ಹೆಬ್ಬೆರಳು ಬರದ ಹಾಗೆ. ಅವರ ಮೇಲ್‌ನಿಂದಲೇ ಹೋಗಬೇಕಿತ್ತು. ಆಫೀಸಿನೊಳಗಿನ ಸಿಗ್ನಲ್ ಮಾತಿಗೆ ಸಾಕು, ಫೋಟೊ ಕಳಿಸಲು ಸಾಲದು. ಮಂಜಿನಲ್ಲಿ ಸಾಹೇಬರು ಮುಂದೆ, ನಾನು ಹಿಂದೆ, ಗೇಟಿನ ಹತ್ತಿರದ ದಿಬ್ಬಕ್ಕೆ ಓಡಿದೆವು. ಎಲೆ ಇಳಿಸುತ್ತಿದ್ದವರೆಲ್ಲ ಮೂಟೆ ಬಿಟ್ಟು ನಮ್ಮನ್ನೇ ನೋಡಿದರು. ಅಲ್ಲಿ ನಿಂತು ಕಳಿಸಿದೆವು, ಹೋಯಿತು. ಸ್ವಲ್ಪ ಹೊತ್ತಿಗೆ 'ಬಂದಿದೆ' ಎಂದು ಉತ್ತರವೂ ಬಂತು. ಸಾಹೇಬರು ದಿಬ್ಬದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೊದಲು ಅಳು ಬಂತು, ಆಮೇಲೆ ನಗು.

ಮರುದಿನ ಹಾಳೆ ಬರೆಯಲು ಕೂತಾಗ ಅವರೇ ಬಂದು ಪಕ್ಕದಲ್ಲಿ ನಿಂತರು.

"ಇನ್ನು ಮೇಲೆ ಯಾರು ಮಾಡಬೇಕು, ಯಾವತ್ತೊಳಗೆ ಮಾಡಬೇಕು, ಎರಡೂ ಬರಿ. ಮೊದಲು ನನ್ನ ಹೆಸರು."

"ಬೋರ್ಡಿಗೂ ಹಾಕಲಾ ಸಾರ್?"

ಸ್ವಲ್ಪ ಯೋಚಿಸಿದರು. "ಹಾಕು," ಎಂದರು.

ಹತ್ತು ದಿನಕ್ಕೆ ಹೆಡ್ ಆಫೀಸಿನ ಸುತ್ತೋಲೆ ಬಂತು. ನಮ್ಮ ಶೆಡ್ಡು ಉಳಿಯಿತು, ಆದರೆ ಒಂದು ಷರತ್ತು, ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿಯಾಗಬೇಕು. ಆ ಶನಿವಾರ ಹೊಸ ಸುತ್ತೋಲೆಗಳಲ್ಲಿ ಮೊದಲನೆಯ ಸಾಲು ಇದೇ. ಎರಡನೆಯ ಭಾಗದಲ್ಲಿ ರಿಪೇರಿಯ ಅಂದಾಜು, ಅದರ ಮುಂದೆ ಸಾಹೇಬರ ಹೆಸರು, ಅದರ ಮುಂದೆ ಬುಧವಾರ. ಅದನ್ನು ಅತ್ತೆಗೆ ಮನೆಯಲ್ಲಿ ಓದಿ ಹೇಳಿದೆ. ಈ ಸಲ ಯಾರ ಸಹಿಗೆ ಎಂದು ಅವರು ಕೇಳುವ ಮೊದಲೇ ಹೇಳಿದೆ.

ಬುಧವಾರ ಬೆಳಿಗ್ಗೆ ಅತ್ತೆ ನನ್ನ ಜೊತೆಯಲ್ಲೇ ಬಸ್ಸು ಹತ್ತಿದರು. ಇಲ್ಲಿಯ ಹೆಂಗಸರು ಶುಭಕ್ಕೆ ಉಡುವ ಬಿಳಿ ಸೀರೆ ಉಟ್ಟು, ತಲೆಗೆ ಬಟ್ಟೆ ಕಟ್ಟಿ, ಮದುವೆಗೆ ಹೊರಟವರ ಹಾಗೆ. ಬೇಡ ಎಂದರೂ ಕೇಳಲಿಲ್ಲ. ಫ್ಯಾಕ್ಟರಿಯಲ್ಲಿ ಇಳಿದವರು ನೋಟಿಸ್ ಬೋರ್ಡಿನ ಮುಂದೆ ನಿಂತು, ಸಾಹೇಬರ ಹೆಸರು ಯಾವುದು ಎಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡರು. ಆಮೇಲೆ ಸೀದಾ ರೂಮಿಗೆ ಹೋಗಿ, ಹೇಳುವ ಮೊದಲೇ ಕುರ್ಚಿಯಲ್ಲಿ ಕೂತರು. ಸಾಹೇಬರು ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರು, ಎದ್ದು ನಿಂತರು.

"ಕೂರು ತಮ್ಮಾ," ಎಂದರು ಅತ್ತೆ. "ಹೊರಗ ನಿನ್ನ ಹೆಸರು ಬರೆದದೆ. ನನಗ ಓದಾಕ ಬರಲ್ಲೆ, ಆದ್ರೂ ಕಂಡೆ. ನೀ ಸಹಿ ಹಾಕು. ನಾ ಇಲ್ಲೇ ಕೂತಿರ್ತೀನಿ."

ಸಾಹೇಬರು ನನ್ನ ಕಡೆ ಒಮ್ಮೆ ನೋಡಿ ರಿಪೇರಿಯ ಕಾಗದಕ್ಕೆ ಸಹಿ ಹಾಕಿದರು. ಅತ್ತೆ ಏಳಲಿಲ್ಲ. ಸಾಹೇಬರ ಹೆಸರು ಇನ್ನೂ ನಾಲ್ಕು ಕಡೆ ಇರುವುದನ್ನು ಬೋರ್ಡಿನಲ್ಲಿ ಬೆರಳಿಟ್ಟು ಎಣಿಸಿಯೇ ಒಳಗೆ ಬಂದಿದ್ದರು. ಸಾಹೇಬರು ಚಹಾ ತರಿಸಿ ಕೊಟ್ಟರು, ಅತ್ತೆ ಕುಡಿದರು, ಆದರೂ ಕೂತೇ ಇದ್ದರು. ಆ ಶನಿವಾರ ಹಾಳೆ ಬರೆಯುವಾಗ ಸಾಹೇಬರ ಹೆಸರಿನ ಮುಂದೆ ಬರೆಯಲು ನನಗೆ ಏನೂ ಉಳಿದಿರಲಿಲ್ಲ.